ಕೆಳಗಿಳಿ ಗುಂಪಲಿ: ಪರಮಾಣು ತ್ರಿಜ್ಯಕ್ಕೂ ಅಯಾನೀಕರಣ ಶಕ್ತಿಗೂ ಒಂದು ಚೌಪದಿ ಕಟ್ಟುವ ಬಗೆ

ಹನುಮಂತನಗರದ ನಮ್ಮ ಮನೆಯ ಮಹಡಿಯಲ್ಲಿ ಸಂಜೆ ಹೊತ್ತು ಪ್ರಥಮ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಆವರ್ತಕ ಕೋಷ್ಟಕದ ಪಾಠ ಬಂದಾಗಲೆಲ್ಲ ಒಂದು ಸಾಲನ್ನು ಹಾಡಿಸುತ್ತಿದ್ದೆ: ‘ಕೆಳಗೆ ಹೋದರೆ ಹೆಚ್ಚು ಹೆಚ್ಚು, ಬಲಕೆ ಹೋದರೆ ಕಡಿಮೆ’. ಪರಮಾಣುವಿನ ಗಾತ್ರಕ್ಕೆ ಇದು ಸರಿಯಾದ ಮಾತು. ಮಕ್ಕಳೂ ಚೆನ್ನಾಗಿಯೇ ಹಾಡುತ್ತಿದ್ದರು. ಒಂದು ವಾರದ ನಂತರ ಸಣ್ಣ ಪರೀಕ್ಷೆ ಕೊಟ್ಟೆ. ಸೋಡಿಯಂ ಮತ್ತು ಸೀಸಿಯಂ ಎರಡರಲ್ಲಿ ಯಾವುದರಿಂದ ಎಲೆಕ್ಟ್ರಾನ್ ಕೀಳಲು ಹೆಚ್ಚು ಶಕ್ತಿ ಬೇಕು ಎಂದು ಕೇಳಿದ್ದೆ. ಆರು ಮಂದಿಯಲ್ಲಿ ನಾಲ್ವರು ಸೀಸಿಯಂ ಎಂದು ಬರೆದರು. ಒಬ್ಬಳನ್ನು ಕೇಳಿದರೆ, "ಮಿಸ್, ನೀವೇ ಹೇಳಿಕೊಟ್ಟ ಸಾಲಿನಲ್ಲಿ ಕೆಳಗೆ ಹೆಚ್ಚು ಎಂದಿದೆಯಲ್ಲ?" ಎಂದಳು.

ತಪ್ಪು ಅವಳದಲ್ಲ. ಯಾವುದು ಹೆಚ್ಚು ಎಂಬುದನ್ನೇ ಆ ಸಾಲು ಹೇಳುತ್ತಿರಲಿಲ್ಲ. ಕೆಳಕ್ಕೆ ಹೋದಂತೆ ಗಾತ್ರ ಹೆಚ್ಚುತ್ತದೆ, ಎಲೆಕ್ಟ್ರಾನ್ ಕೀಳಲು ಬೇಕಾದ ಅಯಾನೀಕರಣ ಶಕ್ತಿ ತಗ್ಗುತ್ತದೆ. ಬಾಯಿಪಾಠದ ಸಾಲು ಎರಡಕ್ಕೂ ಒಂದೇ ದಾರಿ ತೋರಿಸಿತು. ಸೋಡಿಯಂಗೆ ಬೇಕಾಗುವುದು ಪ್ರತಿ ಮೋಲ್‌ಗೆ 496 ಕಿಲೋಜೂಲ್, ಸೀಸಿಯಂಗೆ 376 ಮಾತ್ರ.

ಆ ರಾತ್ರಿ ಹಳೆಯ ಸಾಲನ್ನು ಕೈಬಿಟ್ಟು ಹೊಸ ಪದ್ಯ ಕಟ್ಟಲು ಕುಳಿತೆ. ಅದು ಹೇಗೆ ಕಟ್ಟಿಕೊಂಡಿತು, ಎಲ್ಲಿ ಜಾರಿತು, ಎಲ್ಲಿ ಅದನ್ನು ನಂಬಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನನ್ನ ಪದ್ಯವನ್ನು ಹಾಗೆಯೇ ಬಳಸಬಹುದು. ನೀವೇ ಬೇರೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಕಟ್ಟುವಾಗಲೇ ಅರ್ಧ ಪಾಠ ಆಗಿಬಿಡುತ್ತದೆ.

ಮೊದಲು ಸರಪಳಿ, ಆಮೇಲೆ ಪದ್ಯ

ಪದ್ಯಕ್ಕೆ ಕೈ ಹಾಕುವ ಮುನ್ನ ಹೇಳಬೇಕಾದ್ದನ್ನು ಗದ್ಯದಲ್ಲಿ ಬರೆದುಕೊಳ್ಳಿ. ‘ಹೆಚ್ಚು’, ‘ಕಡಿಮೆ’ ಎಂಬ ಫಲಿತಾಂಶಗಳನ್ನು ಮಾತ್ರ ಬರೆದರೆ ಸಾಲದು, ಒಂದರಿಂದ ಇನ್ನೊಂದು ಹೇಗೆ ಹುಟ್ಟುತ್ತದೆ ಎಂಬ ಕಾರಣಗಳ ಸರಪಳಿ ಬೇಕು. ನಾನು ಬರೆದುಕೊಂಡದ್ದು ಇಷ್ಟು: ಗುಂಪಿನಲ್ಲಿ ಒಂದು ಮನೆ ಕೆಳಗಿಳಿದರೆ ಪರಮಾಣುವಿಗೆ ಒಂದು ಕವಚ ಹೆಚ್ಚಾಗುತ್ತದೆ. ಕವಚ ಹೆಚ್ಚಾದರೆ ಗಾತ್ರ ಬೆಳೆಯುತ್ತದೆ, ಅಂದರೆ ಕೊನೆಯ ಎಲೆಕ್ಟ್ರಾನ್ ಕೇಂದ್ರದಿಂದ ದೂರವಾಗುತ್ತದೆ. ದೂರವಾದರೆ ಕೇಂದ್ರದ ಸೆಳೆತ ಕುಗ್ಗುತ್ತದೆ. ಸೆಳೆತ ಕುಗ್ಗಿದರೆ ಆ ಎಲೆಕ್ಟ್ರಾನನ್ನು ಕಳಚಲು ಕಡಿಮೆ ಶಕ್ತಿ ಸಾಕು.

ತ್ರಿಜ್ಯ, ಅಯಾನೀಕರಣ ಶಕ್ತಿ ಎಂಬ ಎರಡು ಬೇರೆ ಬೇರೆ ನಿಯಮಗಳು ಇಲ್ಲಿ ಇಲ್ಲವೇ ಇಲ್ಲ. ಇರುವುದು ಒಂದೇ ಎಳೆ. ತ್ರಿಜ್ಯ ಅದರ ನಡುವಿನ ಕೊಂಡಿ, ಅಯಾನೀಕರಣ ಶಕ್ತಿ ತುದಿಯ ಕೊಂಡಿ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬಾಯಿಪಾಠ ಮಾಡಿಸಿದ್ದರಿಂದಲೇ ಮಕ್ಕಳು ಅದಲುಬದಲು ಮಾಡುತ್ತಿದ್ದರು.

ಸರಪಳಿ ಬರೆದ ಮೇಲೆ ಅದನ್ನು ಒಮ್ಮೆ ಜಗ್ಗಿ ನೋಡಬೇಕು. ತರಗತಿಯಲ್ಲಿ ಚುರುಕಾದ ಹುಡುಗನೊಬ್ಬ ಜಗ್ಗಿಯೇ ಜಗ್ಗುತ್ತಾನೆ: "ಕೆಳಗಿಳಿದಂತೆ ಕೇಂದ್ರದಲ್ಲಿ ಪ್ರೋಟಾನ್‌ಗಳೂ ಹೆಚ್ಚುತ್ತವೆ. ಲಿಥಿಯಂನಲ್ಲಿ 3, ಸೋಡಿಯಂನಲ್ಲಿ 11, ಪೊಟ್ಯಾಸಿಯಂನಲ್ಲಿ 19. ಹಾಗಾದರೆ ಸೆಳೆತ ಹೆಚ್ಚಬೇಕಲ್ಲವೇ?" ಪ್ರಶ್ನೆ ನ್ಯಾಯವಾದದ್ದು. ಉತ್ತರವಿರುವುದು ಒಳಗಿನ ಎಲೆಕ್ಟ್ರಾನ್‌ಗಳಲ್ಲಿ. ಸೋಡಿಯಂನ 11 ಪ್ರೋಟಾನ್‌ಗಳಿಗೂ ಹೊರಗಿನ ಒಂದು ಎಲೆಕ್ಟ್ರಾನಿಗೂ ನಡುವೆ 10 ಎಲೆಕ್ಟ್ರಾನ್‌ಗಳು ಗೋಡೆಯಂತೆ ನಿಂತಿವೆ. ನಾನು ಇದಕ್ಕೆ ಮೆಜೆಸ್ಟಿಕ್ ಬಸ್ ನಿಲ್ದಾಣದ ಉದಾಹರಣೆ ಕೊಡುತ್ತೇನೆ. ಮೆಜೆಸ್ಟಿಕ್‌ನಲ್ಲಿ ನಿಂತು ಕೂಗಿದವನ ದನಿ ಉಪ್ಪಾರಪೇಟೆಯ ತನಕ ಕೇಳಿಸೀತು, ಕೆಂಗೇರಿಗೆ ಕೇಳಿಸದು. ಕೂಗುವವರ ಸಂಖ್ಯೆ ಹೆಚ್ಚಿದರೂ ನಡುವೆ ಅಷ್ಟೇ ಜನಸಂದಣಿ ಸೇರಿಕೊಂಡರೆ ದನಿ ಅಲ್ಲಲ್ಲೇ ಇಂಗಿಹೋಗುತ್ತದೆ.

ಇದನ್ನು ಲೆಕ್ಕದಲ್ಲೂ ತೋರಿಸಬಹುದು. ಒಳಗಿನ ಎಲೆಕ್ಟ್ರಾನ್‌ಗಳು ಎಷ್ಟು ಮರೆಮಾಡುತ್ತವೆ ಎಂಬುದನ್ನು ಅಂದಾಜು ಮಾಡಲು ಭೌತವಿಜ್ಞಾನಿ ಸ್ಲೇಟರ್ 1930ರಲ್ಲಿ ಕೊಟ್ಟ ನಿಯಮಗಳಿವೆ. ಅವುಗಳಂತೆ ಸೋಡಿಯಂನ ಕೊನೆಯ ಎಲೆಕ್ಟ್ರಾನಿಗೆ ತಾಗುವ ಪರಿಣಾಮಕಾರಿ ಆವೇಶ 2.2. ಎಂಟು ಪ್ರೋಟಾನ್ ಹೆಚ್ಚಿಗೆ ಇರುವ ಪೊಟ್ಯಾಸಿಯಂಗೂ ಅದೇ 2.2. ಆವೇಶ ಅಲ್ಲೇ ನಿಂತಿತು, ದೂರ ಮಾತ್ರ 186 ಪಿಕೋಮೀಟರ್‌ನಿಂದ 227ಕ್ಕೆ ಏರಿತು. ಸೆಳೆತ ಕುಗ್ಗದೆ ಇನ್ನೇನು? ಸರಪಳಿ ಗಟ್ಟಿಯಾಗಿದೆ ಎಂದು ಗೊತ್ತಾದ ಮೇಲೆಯೇ ನಾನು ಛಂದಸ್ಸಿಗೆ ಬಂದೆ.

ಮಾತ್ರೆ ಎಣಿಸುವುದು

ಹೈಸ್ಕೂಲಿನ ಕನ್ನಡ ತರಗತಿಯಲ್ಲಿ ಗುರು, ಲಘು ಹಾಕಿದ್ದು ನೆನಪಿದ್ದರೆ ಸಾಕು. ಗಣಗಳನ್ನು ನೆನಪಿಡಲು ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರವನ್ನು ಕಲಿತವರೂ ಇದ್ದೀರಿ. ಅದರ ಸೊಗಸು ಎಂದರೆ ಸೂತ್ರವೇ ಉದಾಹರಣೆಯೂ ಹೌದು: ‘ಯಮಾತಾ’ ಎಂದು ಉಚ್ಚರಿಸಿದರೆ ಅದೇ ಯಗಣ. ಹೇಳುವ ವಿಷಯವನ್ನು ಒಡಲಲ್ಲೇ ಇಟ್ಟುಕೊಂಡ ನೆನಪಿನ ಸಾಲು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ನಮ್ಮ ಪದ್ಯಕ್ಕೂ ಅದೇ ಗುರಿ.

ಷಟ್ಪದಿ ಬೇಡ, ಉದ್ದವಾಯಿತು. ನಾಲ್ಕು ಸಾಲು, ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ, ಒಟ್ಟು ಸಾಲಿಗೆ 16 ಮಾತ್ರೆ. ತಾಳ ಹಾಕಲು ಸಲೀಸು. ಮೇಜಿನ ಮೇಲೆ ಬೆರಳಿನಿಂದ ತಟ್ಟಿದರೆ ಗಣಕ್ಕೊಂದು ಪೆಟ್ಟು. ಜೊತೆಗೆ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಲಿ. ಇದು ನಮ್ಮ ಹಳೆಯ ಆದಿಪ್ರಾಸ. ಸಾಲಿನ ಕೊನೆಯಲ್ಲಿ ಬರುವ ಪ್ರಾಸಕ್ಕಿಂತ ನೆನಪಿಗೆ ಇದು ಹೆಚ್ಚು ಒದಗುತ್ತದೆ ಎಂಬುದು ನನ್ನ ಅನುಭವ. ಮಗು ತಡವರಿಸುವುದು ಸಾಲನ್ನು ಶುರುಮಾಡುವಾಗ, ಮುಗಿಸುವಾಗ ಅಲ್ಲ. ಮೊದಲ ಪದ ನಾಲಿಗೆಗೆ ಬಂದರೆ ಉಳಿದದ್ದು ತಾನೇ ಹೊರಳುತ್ತದೆ.

ಪ್ರಾಸಕ್ಕೆ ಅಕ್ಷರ ಆರಿಸಲು ಸರಪಳಿಯ ಪದಗಳನ್ನೇ ನೋಡಿದೆ. ಕೆಳಗೆ, ಬೆಳೆ, ಸೆಳೆತ, ಕಳಚು. ನಾಲ್ಕರಲ್ಲೂ ಎರಡನೆಯ ಅಕ್ಷರ ‘ಳ’ಕಾರ! ನಾನು ಹುಡುಕಿದ್ದಲ್ಲ, ಕನ್ನಡವೇ ಕೈಗಿತ್ತ ಹಾಗಾಯಿತು. ನಾಲ್ಕರಲ್ಲೂ ಮೊದಲ ಅಕ್ಷರ ಹ್ರಸ್ವ, ಆದ್ದರಿಂದ ಪ್ರಾಸದ ನಿಯಮಕ್ಕೂ ಒಪ್ಪುತ್ತದೆ. ಬಂದ ಪದ್ಯ ಇದು:

ಕೆಳಗಿಳಿ ಗುಂಪಲಿ, ಕವಚವು ಕೂಡಿತು,
ಬೆಳೆಯಿತು ಗಾತ್ರವು, ದೂರವು ಹೆಚ್ಚಿತು,
ಸೆಳೆತವು ಕುಗ್ಗಿತು, ಹೊರಗಿನ ಕಣವನು
ಕಳಚಲು ಸಾಕೈ ಕೊಂಚವೆ ಶಕ್ತಿಯು.

ಮೊದಲ ಸಾಲನ್ನು ಬಿಡಿಸಿ ನೋಡಿ. ‘ಕೆಳಗಿಳಿ’ ನಾಲ್ಕೂ ಲಘು, ನಾಲ್ಕು ಮಾತ್ರೆ. ‘ಗುಂಪಲಿ’ಯಲ್ಲಿ ‘ಗುಂ’ ಅನುಸ್ವಾರವಿರುವುದರಿಂದ ಗುರು, ಎರಡು ಮಾತ್ರೆ, ಉಳಿದೆರಡು ಲಘು. ‘ಕವಚವು’ ಮತ್ತೆ ನಾಲ್ಕು ಲಘು. ‘ಕೂಡಿತು’ವಿನಲ್ಲಿ ‘ಕೂ’ ದೀರ್ಘ, ಹಾಗಾಗಿ ಎರಡು, ಮುಂದೆ ಒಂದು, ಒಂದು. ಪ್ರತಿ ಪದವೂ ಒಂದೊಂದು ಗಣವಾಗಿ ಮುಗಿಯುತ್ತದೆ. ನೆನಪಿನ ಪದ್ಯಕ್ಕೆ ಇದು ದೊಡ್ಡ ಅನುಕೂಲ. ಪದ ಎರಡು ಗಣಕ್ಕೆ ಚಾಚಿಕೊಂಡರೆ ತಾಳ ತಪ್ಪಿದ ಮಗು ಪದವನ್ನೂ ತಪ್ಪಿಸುತ್ತದೆ.

ಎರಡನೆಯ ಸಾಲಿನಲ್ಲಿ ನಾನು ಒಂದು ಗಂಟೆ ಒದ್ದಾಡಿದೆ. ‘ಗಾತ್ರ’ದ ಜಾಗದಲ್ಲಿ ‘ತ್ರಿಜ್ಯ’ ಇಡಬೇಕೆಂದು ಆಸೆ, ಏಕೆಂದರೆ ಪರೀಕ್ಷೆಯಲ್ಲಿ ಕೇಳುವುದು ಅದನ್ನೇ. ಆದರೆ ‘ಬೆಳೆಯಿತು ತ್ರಿಜ್ಯವು’ ಎಂದರೆ ‘ತ್ರಿ’ ಒತ್ತಕ್ಷರವಾದ್ದರಿಂದ ಅದರ ಹಿಂದಿನ ‘ತು’ ಗುರುವಾಗಿಬಿಡುತ್ತದೆ. ‘ಬೆಳೆಯಿತು’ ಐದು ಮಾತ್ರೆಯಾಗಿ ಹಾಡುವಾಗ ಎಡವಿದಂತಾಗುತ್ತದೆ. ‘ಅಯಾನೀಕರಣ’ದ ಕಥೆಯೂ ಇಷ್ಟೇ. ಒಟ್ಟು ಎಂಟು ಮಾತ್ರೆ, ಎರಡು ಗಣಕ್ಕೆ ಸರಿಹೋಗಬೇಕು. ಆದರೆ ‘ಅ’ ಒಂದು, ‘ಯಾ’ ಎರಡು, ‘ನೀ’ ಎರಡು. ಮೂರಾದ ಮೇಲೆ ನೇರ ಐದಕ್ಕೆ ಜಿಗಿಯುತ್ತದೆ, ನಾಲ್ಕಕ್ಕೆ ನಿಲ್ಲುವುದೇ ಇಲ್ಲ. ಹಾಗಾಗಿ ಪಾರಿಭಾಷಿಕ ಪದ ಬಿಟ್ಟು ಅದರ ಅರ್ಥವನ್ನೇ ಇಟ್ಟೆ: ‘ಹೊರಗಿನ ಕಣವನು ಕಳಚಲು ಶಕ್ತಿ’. ಆಮೇಲೆ ನೋಡಿದರೆ ನಷ್ಟವೇನೂ ಆಗಿರಲಿಲ್ಲ. ಅಯಾನೀಕರಣ ಶಕ್ತಿಯ ವ್ಯಾಖ್ಯೆಯೇ ಪದ್ಯದೊಳಗೆ ಬಂದು ಕುಳಿತಿತ್ತು.

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿಯಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದ ಮಕ್ಕಳಿಗೆ ಇಲ್ಲಿ ಒಂದು ಕೆಲಸ ಮಾಡಿಸುತ್ತೇನೆ. ಪದ್ಯವನ್ನು ನೋಟ್‌ಬುಕ್ಕಿನ ಎಡಗಡೆ ಬರೆದು, ಬಲಗಡೆ ‘ಗಾತ್ರ’ದ ಎದುರು ‘ಅಟಾಮಿಕ್ ರೇಡಿಯಸ್’, ಕೊನೆಯ ಸಾಲಿನ ಎದುರು ‘ಅಯನೈಸೇಷನ್ ಎಂಥಾಲ್ಪಿ’ ಎಂದು ಬರೆದುಕೊಳ್ಳಬೇಕು. ಹಾಡುವುದು ಕನ್ನಡದಲ್ಲಿ, ಉತ್ತರ ಬರೆಯುವುದು ಅವರ ಪುಸ್ತಕದ ಭಾಷೆಯಲ್ಲಿ. ಎರಡಕ್ಕೂ ಇದೊಂದು ಸೇತುವೆ.

ಪದ ಅದಲುಬದಲಾದರೆ?

ಪದ್ಯ ಕಟ್ಟಿ ಮುಗಿದ ಮೇಲೆ ಅದನ್ನು ಕೆಡಿಸಲು ನೀವೇ ಪ್ರಯತ್ನಿಸಬೇಕು. ಮುಖ್ಯ ಪದವೊಂದನ್ನು ತೆಗೆದು ಅದರ ವಿರುದ್ಧ ಪದವನ್ನು ಕೂರಿಸಿ. ತಾಳ ಕೆಡುತ್ತದೆಯೇ? ಅರ್ಥ ಕೆಡುತ್ತದೆಯೇ? ಎರಡೂ ಕೆಡದಿದ್ದರೆ ಆ ಪದ್ಯ ಅಪಾಯಕಾರಿ.

ನನ್ನ ಹಳೆಯ ಸಾಲು ಈ ಪರೀಕ್ಷೆಯಲ್ಲಿ ಮೊದಲ ಏಟಿಗೇ ಬಿತ್ತು. ‘ಕೆಳಗೆ ಹೋದರೆ ಕಡಿಮೆ ಕಡಿಮೆ, ಬಲಕೆ ಹೋದರೆ ಹೆಚ್ಚು’ ಎಂದರೂ ಅಷ್ಟೇ ಸಲೀಸಾಗಿ ಹಾಡಬಹುದು. ಅಷ್ಟೇ ಅಲ್ಲ, ಅದು ಅಯಾನೀಕರಣ ಶಕ್ತಿಗೆ ಸರಿಯಾಗಿಯೇ ಹೊಂದುತ್ತದೆ! ಎರಡು ತಿಂಗಳ ನಂತರ ಮಗುವಿನ ತಲೆಯಲ್ಲಿ ಯಾವುದು ಉಳಿಯುತ್ತದೆ ಎಂದು ಬ್ರಹ್ಮನಿಗೂ ಗೊತ್ತಿರಲಾರದು.

ಹೊಸ ಪದ್ಯವೂ ಮಾತ್ರೆಯ ಮಟ್ಟದಲ್ಲಿ ಬಚಾವಾಗುವುದಿಲ್ಲ. ‘ಬೆಳೆಯಿತು’ ತೆಗೆದು ‘ಇಳಿಯಿತು’ ಇಡಿ. ನಾಲ್ಕು ಲಘು, ಎರಡನೆಯ ಅಕ್ಷರವೂ ‘ಳ’ಕಾರವೇ. ಛಂದಸ್ಸು ಕಾವಲುಗಾರನಂತೆ ಕಂಡರೂ ನಿದ್ದೆ ಹೋಗಿರುತ್ತದೆ. ಆದರೆ ಸಾಲು ಏನಾಯಿತು ನೋಡಿ: ‘ಇಳಿಯಿತು ಗಾತ್ರವು, ದೂರವು ಹೆಚ್ಚಿತು’. ಹಾಡುವವಳಿಗೇ ನಗು ಬರುತ್ತದೆ. ಗಾತ್ರ ಇಳಿದ ಮೇಲೆ ದೂರ ಹೆಚ್ಚುವುದು ಹೇಗೆ? ‘ಕುಗ್ಗಿತು’ ಬದಲಿಗೆ ‘ಹೆಚ್ಚಿತು’ ಹಾಕಿದರೂ ಹಾಗೆಯೇ. ಸೆಳೆತ ಹೆಚ್ಚಿದ್ದರೆ ಕಳಚಲು ಕೊಂಚವೇ ಶಕ್ತಿ ಹೇಗೆ ಸಾಕಾದೀತು? ಒಂದು ಕೊಂಡಿ ತಿರುಗಿದರೆ ಪಕ್ಕದ ಕೊಂಡಿ ಕಿರುಚುತ್ತದೆ. ಕಾರಣವನ್ನು ಪದ್ಯದೊಳಗೆ ಇಡಬೇಕು ಎಂದು ನಾನು ಹಟ ಹಿಡಿದದ್ದು ಇದಕ್ಕೇ. ತಾಳ, ಪ್ರಾಸಗಳು ಪದ್ಯವನ್ನು ನಾಲಿಗೆಗೆ ತರುತ್ತವೆ, ತಪ್ಪನ್ನು ಹಿಡಿಯುವುದು ಕಾರಣ ಮಾತ್ರ.

ಅಂಕಿಗಳ ಮೇಲೆ ಓಡಿಸಿ ನೋಡುವುದು

ಒಂದನೆಯ ಗುಂಪಿನಿಂದ ಶುರುಮಾಡಿ. ಖಾಲಿ ಹಾಳೆಯ ಮೇಲೆ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ ಎಂದು ಮೇಲಿನಿಂದ ಕೆಳಕ್ಕೆ ಬರೆಯಿರಿ. ಪಕ್ಕದಲ್ಲಿ ಎರಡು ಬಾಣ ಮಾತ್ರ ಎಳೆಯಿರಿ, ಪುಸ್ತಕ ತೆರೆಯಬೇಡಿ. ಪದ್ಯದ ಎರಡನೆಯ ಸಾಲು ಹಾಡುತ್ತಾ ಗಾತ್ರದ ಬಾಣ ಕೆಳಕ್ಕೆ ದಪ್ಪವಾಗುತ್ತಾ ಹೋಗಲಿ, ನಾಲ್ಕನೆಯ ಸಾಲು ಹಾಡುತ್ತಾ ಶಕ್ತಿಯ ಬಾಣ ಕೆಳಕ್ಕೆ ಸಪುರವಾಗಲಿ. ಆಮೇಲೆ ಪುಸ್ತಕ ತೆರೆದು ಅಂಕಿ ತುಂಬಿಸಿ. ತ್ರಿಜ್ಯ ಪಿಕೋಮೀಟರ್‌ಗಳಲ್ಲಿ 152, 186, 227, 248, 265. ಶಕ್ತಿ ಮೋಲ್‌ಗೆ ಕಿಲೋಜೂಲ್‌ಗಳಲ್ಲಿ 520, 496, 419, 403, 376. ಪದ್ಯ ಹೇಳಿದ್ದು ಹೇಳಿದಂತೆಯೇ ಇದೆ.

ತ್ರಿಜ್ಯದ ಅಂಕಿಗಳು ನಿಮ್ಮ ಪುಸ್ತಕದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇದ್ದರೆ ಗಾಬರಿಯಾಗಬೇಡಿ. ಪರಮಾಣುವಿಗೆ ಗೆರೆ ಎಳೆದಂಥ ಅಂಚಿಲ್ಲ, ಅಳೆಯುವ ಬಗೆಗೆ ತಕ್ಕಂತೆ ಬೆಲೆ ಬದಲಾಗುತ್ತದೆ. ಒಂದು ಗುಂಪಿಗೆ ಒಂದೇ ಪಟ್ಟಿಯ ಅಂಕಿಗಳನ್ನು ಬಳಸಿದರೆ ಸಾಕು. ಎರಡು ಪಟ್ಟಿ ಬೆರೆಸಿದರೆ ಇಲ್ಲದ ಏರುಪೇರು ಕಾಣಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಮಕ್ಕಳಿಗೆ ತೋರಿಸುತ್ತೇನೆ. ಲಿಥಿಯಂನಿಂದ ಸೋಡಿಯಂಗೆ ಶಕ್ತಿ ತಗ್ಗಿದ್ದು 24, ಸೋಡಿಯಂನಿಂದ ಪೊಟ್ಯಾಸಿಯಂಗೆ 77, ಅಲ್ಲಿಂದ ರುಬಿಡಿಯಂಗೆ 16. ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ. ಪದ್ಯ ದಿಕ್ಕು ಹೇಳುತ್ತದೆ, ಎತ್ತರ ಹೇಳುವುದಿಲ್ಲ. "ಹಾಗಾದರೆ ಮುಂದಿನದು ಎಷ್ಟು?" ಎಂದು ಪದ್ಯದಿಂದ ಅಂದಾಜು ಮಾಡಲು ಹೊರಟರೆ ಕೈ ಸುಟ್ಟುಕೊಳ್ಳುತ್ತೀರಿ.

ಎರಡನೆಯ ಮತ್ತು ಹದಿನೇಳನೆಯ ಗುಂಪುಗಳನ್ನು ಅದೇ ರೀತಿ ಮಾಡಿ. ಮೆಗ್ನೀಸಿಯಂ 738, ಕ್ಯಾಲ್ಸಿಯಂ 590, ಬೇರಿಯಂ 503. ಫ್ಲೋರಿನ್ 1681, ಕ್ಲೋರಿನ್ 1251, ಬ್ರೋಮಿನ್ 1140, ಅಯೋಡಿನ್ 1008. ಹದಿನೇಳರಲ್ಲಿ ಎಲ್ಲ ಅಂಕಿಗಳೂ ದೊಡ್ಡವು, ಆದರೂ ಕೆಳಕ್ಕೆ ಇಳಿತವೇ. ಇಲ್ಲಿಯವರೆಗೆ ಸುಖ ಪ್ರಯಾಣ.

ಹದಿಮೂರನೆಯ ಗುಂಪಿನ ಗುಂಡಿ

ಈಗ ಹದಿಮೂರನೆಯ ಗುಂಪನ್ನು ಬರೆಯಿರಿ: ಬೋರಾನ್, ಅಲ್ಯೂಮಿನಿಯಂ, ಗ್ಯಾಲಿಯಂ, ಇಂಡಿಯಂ, ಥ್ಯಾಲಿಯಂ. ಬಾಣ ಎಳೆದು ಪುಸ್ತಕ ತೆರೆದರೆ ತ್ರಿಜ್ಯ ಹೀಗಿದೆ: 88, 143, 135, 167, 170. ಶಕ್ತಿ: 801, 577, 579, 558, 589. ಬೋರಾನ್‌ನಿಂದ ಅಲ್ಯೂಮಿನಿಯಂವರೆಗೆ ಪದ್ಯ ಸರಿ. ಗ್ಯಾಲಿಯಂಗೆ ಬಂದಾಗ ಕವಚ ಕೂಡಿದೆ, ಗಾತ್ರ ಬೆಳೆದಿಲ್ಲ. ಬದಲಿಗೆ 8 ಪಿಕೋಮೀಟರ್ ಕುಗ್ಗಿದೆ! ಶಕ್ತಿಯೂ ತಗ್ಗುವ ಬದಲು ಎರಡು ಕಿಲೋಜೂಲ್ ಏರಿದೆ.

ಮೊದಲ ಬಾರಿ ಇದನ್ನು ನೋಡಿದ ಮಗು ಪದ್ಯವೇ ತಪ್ಪು ಎಂದು ಬಿಸಾಡುತ್ತದೆ, ಇಲ್ಲವೇ ಪುಸ್ತಕದ ಮುದ್ರಣದೋಷ ಎನ್ನುತ್ತದೆ. ಎರಡೂ ಅಲ್ಲ. ಸರಪಳಿಯ ಯಾವ ಕೊಂಡಿ ಸಡಿಲವಾಯಿತು ಎಂದು ಹುಡುಕಬೇಕು. ಕಾರಣಸಹಿತ ಪದ್ಯ ಕಟ್ಟಿದ್ದರ ಲಾಭ ಇಲ್ಲಿ ಸಿಗುತ್ತದೆ, ಹುಡುಕಲು ಕೊಂಡಿಗಳಾದರೂ ಇವೆ.

ಲೆಕ್ಕ ಹಾಕೋಣ. ಅಲ್ಯೂಮಿನಿಯಂನಲ್ಲಿ 13 ಪ್ರೋಟಾನ್, ಹೊರಗೆ 3 ಎಲೆಕ್ಟ್ರಾನ್, ಒಳಗೆ 10. ಗ್ಯಾಲಿಯಂನಲ್ಲಿ 31 ಪ್ರೋಟಾನ್, ಹೊರಗೆ ಅದೇ 3, ಒಳಗೆ 28. ಬರಿಯ ಕಳೆಯುವ ಲೆಕ್ಕದಲ್ಲಿ ಎರಡರಲ್ಲೂ ಉಳಿಯುವುದು 3. ಹಾಗಾದರೆ ಸೋಡಿಯಂ, ಪೊಟ್ಯಾಸಿಯಂಗಳಂತೆ ದೂರವೇ ಎಲ್ಲವನ್ನೂ ತೀರ್ಮಾನಿಸಬೇಕಿತ್ತು. ಆದರೆ ಆ 28ರಲ್ಲಿ 10 ಎಲೆಕ್ಟ್ರಾನ್‌ಗಳು 3ಡಿ ಉಪಕವಚದವು. ಸ್ಕ್ಯಾಂಡಿಯಂನಿಂದ ಸತುವಿನವರೆಗೆ ಹತ್ತು ಧಾತುಗಳನ್ನು ದಾಟಿಕೊಂಡು ಗ್ಯಾಲಿಯಂಗೆ ಬರುವಷ್ಟರಲ್ಲಿ ಕೇಂದ್ರಕ್ಕೆ ಹತ್ತು ಪ್ರೋಟಾನ್, ಡಿ ಉಪಕವಚಕ್ಕೆ ಹತ್ತು ಎಲೆಕ್ಟ್ರಾನ್ ಸೇರಿವೆ. ಈ ಡಿ ಎಲೆಕ್ಟ್ರಾನ್‌ಗಳು ಮರೆಮಾಡುವುದರಲ್ಲಿ ಮೈಗಳ್ಳರು. ಅವುಗಳ ಹರವು ಚದುರಿದ್ದು, ಕೇಂದ್ರದ ಸಮೀಪಕ್ಕೆ ಅಷ್ಟಾಗಿ ಹೋಗುವುದಿಲ್ಲ. ಹೊರಗಿನ ಎಲೆಕ್ಟ್ರಾನ್‌ಗಳು ಅವುಗಳನ್ನು ದಾಟಿ ಒಳಕ್ಕೆ ಇಣುಕುತ್ತವೆ. ಸ್ಲೇಟರ್ ನಿಯಮದಲ್ಲಿ ಪರಿಣಾಮಕಾರಿ ಆವೇಶ ಅಲ್ಯೂಮಿನಿಯಂಗೆ 3.5, ಗ್ಯಾಲಿಯಂಗೆ 5.0. ಸೋಡಿಯಂ, ಪೊಟ್ಯಾಸಿಯಂಗಳಲ್ಲಿ ಎರಡೂ 2.2 ಇದ್ದದ್ದನ್ನು ನೆನಪಿಸಿಕೊಳ್ಳಿ. ವ್ಯತ್ಯಾಸ ಎಲ್ಲಿದೆ ಎಂದು ತಾನೇ ಕಾಣುತ್ತದೆ.

ಮಕ್ಕಳಿಗೆ ಇದನ್ನು ಹೇಳಲು ನಮ್ಮ ಮಹಡಿಯ ಕಿಟಕಿಯೇ ಸಾಕಾಯಿತು. ಮರದ ಬಾಗಿಲು ಹಾಕಿದರೆ ರಸ್ತೆಯ ಸದ್ದು ನಿಲ್ಲುತ್ತದೆ. ಕಿಟಕಿಗೆ ಹೊಡೆಸಿದ ಸೊಳ್ಳೆ ಜಾಲರಿ ಸೊಳ್ಳೆಯನ್ನು ತಡೆಯುತ್ತದೆ, ಬಸ್ಸಿನ ಹಾರ್ನನ್ನು ತಡೆಯುವುದಿಲ್ಲ. ಎಸ್, ಪಿ ಎಲೆಕ್ಟ್ರಾನ್‌ಗಳ ಒಳಕವಚ ಮರದ ಬಾಗಿಲಿನಂತೆ, ಡಿ ಎಲೆಕ್ಟ್ರಾನ್‌ಗಳದು ಜಾಲರಿ. ಹೋಲಿಕೆ ಪೂರ್ತಿ ನಿಖರವೇನಲ್ಲ, ಜಾಲರಿಯೂ ಸ್ವಲ್ಪ ತಡೆಯುತ್ತದೆ, ಬಾಗಿಲಿನ ಸಂದಿಯಲ್ಲೂ ಸ್ವಲ್ಪ ಸದ್ದು ನುಗ್ಗುತ್ತದೆ. ಆದರೆ ‘ಜಾಲರಿ’ ಎಂಬ ಪದ ಸಿಕ್ಕಿದ್ದೇ ಎರಡನೆಯ ಚೌಪದಿಗೆ ‘ಲ’ಕಾರದ ಪ್ರಾಸ ಒದಗಿತು:

ಕಾಲಿಡಿ ಹದಿಮೂರರೊಳೆಚ್ಚರದಲಿ,
ಗ್ಯಾಲಿಯಮೆಂಬುದು ಕಿರಿದಾಗಿರುವುದು,
ಜಾಲರಿ ಪರದೆಯು ಹತ್ತರ ಡೀಪಡೆ,
ಸೋಲದೆ ದಾಟಿತು ಕೇಂದ್ರದ ಸೆಳೆತವು.

‘ಹತ್ತರ ಡೀಪಡೆ’ ಎಂದರೆ ಹತ್ತು ಡಿ ಎಲೆಕ್ಟ್ರಾನ್‌ಗಳ ಪಡೆ. ‘ಡಿ’ಯನ್ನು ಮಾತ್ರೆಗಾಗಿ ದೀರ್ಘ ಮಾಡಿದ್ದೇನೆ, ಅಷ್ಟು ಸ್ವಾತಂತ್ರ್ಯ ಪದ್ಯಕ್ಕೆ ಉಂಟು. ಮೊದಲ ಎರಡು ಸಾಲುಗಳಲ್ಲಿ ಪದ ಗಣವನ್ನು ದಾಟುತ್ತದೆ, ಅದು ನಾನೇ ಹೇಳಿದ ನಿಯಮಕ್ಕೆ ವಿರುದ್ಧ. ಮೊದಲ ಸಾಲಿನಲ್ಲಿ ‘ಹದಿಮೂ’ ಎಂದು ಒಂದು ಪೆಟ್ಟು, ‘ರರೊಳೆಚ್’ ಎಂದು ಇನ್ನೊಂದು. ಮಕ್ಕಳು ಅಲ್ಲಿ ನಿಧಾನಿಸುತ್ತಾರೆ. ಎಚ್ಚರ ಹೇಳುವ ಸಾಲಿನಲ್ಲಿ ನಿಧಾನಿಸಿದರೆ ಒಳ್ಳೆಯದೇ ಎಂದು ಬಿಟ್ಟಿದ್ದೇನೆ.

ಎರಡೂ ಪದ್ಯಗಳಲ್ಲಿ ‘ಸೆಳೆತವು’ ಎಂಬ ಪದ ಬರುತ್ತದೆ. ಮೊದಲನೆಯದರಲ್ಲಿ ಅದು ಕುಗ್ಗಿತು, ಎರಡನೆಯದರಲ್ಲಿ ಅದು ದಾಟಿತು. ಇದನ್ನು ಬೇಕೆಂದೇ ಇಟ್ಟೆ. ಎಲ್ಲಿ ಎರಡೂ ಪದ್ಯಗಳು ಜಗಳವಾಡುತ್ತವೆ ಎಂದು ಕೇಳಿದರೆ ಮಗು ಈ ಪದದ ಮೇಲೆ ಬೆರಳಿಡಬೇಕು. ಬೆರಳಿಟ್ಟರೆ ಪಾಠ ತಲೆಗೆ ಹತ್ತಿದೆ ಎಂದರ್ಥ.

ಹಾಗೆ ನೋಡಿದರೆ ಗ್ಯಾಲಿಯಂ ಮೊದಲಿನಿಂದಲೂ ಲೆಕ್ಕದ ಧಾತು. ಕಂಡುಹಿಡಿಯುವ ಮೊದಲೇ ಮೆಂಡಲೀವ್ ಅಲ್ಯೂಮಿನಿಯಂ ಕೆಳಗೆ ಅದಕ್ಕೆ ಖಾಲಿ ಮನೆ ಬಿಟ್ಟು ಗುಣಗಳನ್ನು ಊಹಿಸಿದ್ದ, 1875ರಲ್ಲಿ ಫ್ರಾನ್ಸಿನ ಲೆಕೋಕ್ ದ ಬೊಯಿಬೊದ್ರಾನ್ ಅದನ್ನು ಕಂಡ. ಅದು ಕರಗುವುದು ಸುಮಾರು 29.8 ಡಿಗ್ರಿ ಸೆಲ್ಸಿಯಸ್‌ಗೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಮೇಜಿನ ಮೇಲಿಟ್ಟರೆ ಕರಗಿ ನೀರಾಗುತ್ತದೆ, ಡಿಸೆಂಬರ್‌ನಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಮಕ್ಕಳಿಗೆ ಈ ಮಾತು ಪದ್ಯಕ್ಕಿಂತ ಚೆನ್ನಾಗಿ ನೆನಪಿರುತ್ತದೆ, ಏನು ಮಾಡುವುದು.

ಎರಡನೆಯ ಪದ್ಯವನ್ನು ಎಲ್ಲಿಯವರೆಗೆ ಎಳೆಯಬಹುದು?

ಅದೇ ಜಾಲರಿ ಪಕ್ಕದ ಹದಿನಾಲ್ಕನೆಯ ಗುಂಪಿನಲ್ಲೂ ಇದೆ. ಆದರೆ ಅಲ್ಲಿ ಫಲಿತಾಂಶ ಸೌಮ್ಯ. ಸಿಲಿಕಾನ್ 118 ಪಿಕೋಮೀಟರ್, ಜರ್ಮೇನಿಯಂ 122. ಗಾತ್ರ ಕುಗ್ಗಿಲ್ಲ, ಬೆಳೆಯಬೇಕಾದಷ್ಟು ಬೆಳೆದಿಲ್ಲ ಅಷ್ಟೇ. ಶಕ್ತಿ 786ರಿಂದ 762ಕ್ಕೆ ಅಲ್ಪ ಇಳಿತ. ಆದ್ದರಿಂದ ‘ಕಿರಿದಾಗಿರುವುದು’ ಎಂಬ ಸಾಲನ್ನು ಗ್ಯಾಲಿಯಂಗೆ ಮಾತ್ರ ಹಚ್ಚಬೇಕು, ‘ಜಾಲರಿ ಪರದೆ’ಯನ್ನು ಅದರ ಬಲಗಡೆಯವಕ್ಕೂ ಹಚ್ಚಬಹುದು.

ಥ್ಯಾಲಿಯಂನ 589 ಎಂಬ ಏರಿಕೆಗೆ ಇನ್ನೊಂದು ಪರದೆ ಕಾರಣ. ಅಲ್ಲಿಗೆ ಬರುವಷ್ಟರಲ್ಲಿ ಹದಿನಾಲ್ಕು 4ಎಫ್ ಎಲೆಕ್ಟ್ರಾನ್‌ಗಳೂ ಸೇರಿರುತ್ತವೆ, ಅವು ಡಿ ಎಲೆಕ್ಟ್ರಾನ್‌ಗಳಿಗಿಂತಲೂ ಕೆಟ್ಟ ಕಾವಲುಗಾರರು. ತವರದ 709ರಿಂದ ಸೀಸದ 716ಕ್ಕೆ ಏರುವುದೂ ಇದೇ ಕುಟುಂಬದ ಸಂಗತಿ. ಸಂಕ್ರಮಣ ಲೋಹಗಳಲ್ಲಿ ಮೊದಲ ಪದ್ಯ ಹೆಚ್ಚುಕಡಿಮೆ ಕೈಕೊಡುತ್ತದೆ: ಜಿರ್ಕೋನಿಯಂ 160 ಪಿಕೋಮೀಟರ್, ಅದರ ಕೆಳಗಿನ ಹಾಫ್ನಿಯಂ 159. ಮೂರನೆಯ ಚೌಪದಿ ಬರೆಯಿರಿ ಎಂದು ಒಬ್ಬ ಹುಡುಗ ಪೀಡಿಸಿದ. ಬರೆಯಲಿಲ್ಲ. ಪದ್ಯಗಳು ಹೆಚ್ಚಾದರೆ ಅವುಗಳನ್ನು ನೆನಪಿಡಲು ಇನ್ನೊಂದು ಪದ್ಯ ಬೇಕಾಗುತ್ತದೆ.

ಕೋಷ್ಟಕದ ತಳದಲ್ಲೂ ಜೋಪಾನ. ಪದ್ಯವನ್ನು ಕಣ್ಣುಮುಚ್ಚಿ ನಂಬಿದವರು ಅತ್ಯಂತ ಕಡಿಮೆ ಅಯಾನೀಕರಣ ಶಕ್ತಿ ಫ್ರಾನ್ಸಿಯಂದು ಎನ್ನುತ್ತಾರೆ. ಅಳೆದ ಬೆಲೆ ಹಾಗಿಲ್ಲ: ಸೀಸಿಯಂ 376, ಫ್ರಾನ್ಸಿಯಂ 393. ಬೇರಿಯಂ 503, ಅದರ ಕೆಳಗಿನ ರೇಡಿಯಂ 509. ಅಷ್ಟು ಭಾರವಾದ ಕೇಂದ್ರದ ಸುತ್ತ ಎಲೆಕ್ಟ್ರಾನ್‌ಗಳ ವೇಗ ಬೆಳಕಿನ ವೇಗದ ಗಣನೀಯ ಪಾಲಿಗೆ ಮುಟ್ಟುತ್ತದೆ, ಸಾಪೇಕ್ಷತೆಯ ಪರಿಣಾಮದಿಂದ ಹೊರಗಿನ ಎಸ್ ಎಲೆಕ್ಟ್ರಾನ್ ಕೂಡ ಒಳಕ್ಕೆ ಸೆಳೆಯಲ್ಪಡುತ್ತದೆ. ಪಿಯುಸಿ ಮಟ್ಟದಲ್ಲಿ ಇಷ್ಟು ಸಾಕು. ಪ್ರಶ್ನೆ ಬಂದರೆ ಸೀಸಿಯಂ ಎಂದು ಬರೆಯಿರಿ.

ಇನ್ನು, ಒಂದು ಗುಂಪಿನ ಧಾತುವನ್ನು ಇನ್ನೊಂದು ಗುಂಪಿನದರೊಂದಿಗೆ ಹೋಲಿಸಲು ಈ ಪದ್ಯಗಳನ್ನು ಬಳಸಲೇಬೇಡಿ. ಮೆಗ್ನೀಸಿಯಂ 738, ಅದರ ಬಲಗಡೆಯ ಅಲ್ಯೂಮಿನಿಯಂ 577. ಇದಕ್ಕೆ ಉತ್ತರ ಪದ್ಯದ ಯಾವ ಸಾಲಿನಲ್ಲೂ ಇಲ್ಲ. ಅದು ಅಡ್ಡಸಾಲಿನ ಕಥೆ, ಅದರ ಕಾರಣಗಳೇ ಬೇರೆ.

ಬಾಯಿಗೆ ಹತ್ತಿಸುವ ಕ್ರಮ

ಮೊದಲ ದಿನ ಮೊದಲ ಚೌಪದಿ ಮಾತ್ರ. ತಾಳ ತಟ್ಟಿ ಮೂರು ಬಾರಿ ಹಾಡಿ, ಆಮೇಲೆ ಪುಸ್ತಕ ಮುಚ್ಚಿ ಬರೆಯಿರಿ. ಬರೆದ ಪ್ರತಿ ಸಾಲಿನ ಮುಂದೆ ‘ಏಕೆ?’ ಎಂದು ಕೇಳಿಕೊಳ್ಳಿ. ಉತ್ತರ ಹಿಂದಿನ ಸಾಲಿನಲ್ಲೇ ಇರುತ್ತದೆ. ಕಳಚಲು ಕೊಂಚವೇ ಶಕ್ತಿ ಏಕೆ ಸಾಕು? ಸೆಳೆತ ಕುಗ್ಗಿತು. ಏಕೆ ಕುಗ್ಗಿತು? ದೂರ ಹೆಚ್ಚಿತು. ಹೀಗೆ ಕೆಳಗಿನಿಂದ ಮೇಲಕ್ಕೆ ಹತ್ತಿ ಬರಲು ಸಾಧ್ಯವಾದರೆ ಪದ್ಯ ಗಿಣಿಪಾಠವಾಗಿಲ್ಲ. ಮರುದಿನ ಹಾಡದೆ ನೇರವಾಗಿ ಬಾಣಗಳನ್ನು ಎಳೆಯಿರಿ, ಸಿಕ್ಕಿಕೊಂಡಾಗ ಮಾತ್ರ ಹಾಡಿ. ಎರಡನೆಯ ಚೌಪದಿಗೆ ಹೋಗುವುದು ಮೊದಲನೆಯದು ಗಟ್ಟಿಯಾದ ಮೇಲೆ, ಅದೂ ಗ್ಯಾಲಿಯಂನ ಅಂಕಿಗಳನ್ನು ಕಣ್ಣಾರೆ ನೋಡಿ ಬೆಚ್ಚಿದ ಮೇಲೆ. ಅಪವಾದವನ್ನು ನಿಯಮದ ಜೊತೆಯಲ್ಲೇ ಕಲಿಸಿದರೆ ಎರಡೂ ಕಲಸಿಹೋಗುತ್ತವೆ. ನಾನು ಒಮ್ಮೆ ಅವಸರಕ್ಕೆ ಎರಡನ್ನೂ ಒಂದೇ ಸಂಜೆ ಹೇಳಿಕೊಟ್ಟು, ಪೊಟ್ಯಾಸಿಯಂ ಸೋಡಿಯಂಗಿಂತ ಚಿಕ್ಕದು ಎಂಬ ಉತ್ತರ ಪಡೆದಿದ್ದೇನೆ. ‘ಜಾಲರಿ ಇದೆಯಲ್ಲ ಮಿಸ್’ ಎಂಬ ವಿವರಣೆ ಬೇರೆ! ಪೊಟ್ಯಾಸಿಯಂನಲ್ಲಿ ಡಿ ಎಲೆಕ್ಟ್ರಾನ್ ಒಂದೂ ಇಲ್ಲ.

ಆ ತಪ್ಪಿನಿಂದ ಒಂದು ಅಭ್ಯಾಸ ಶುರುವಾಯಿತು. ಎರಡನೆಯ ಪದ್ಯ ಹಾಡುವ ಮುನ್ನ ಧಾತುವಿನ ಪರಮಾಣು ಸಂಖ್ಯೆ ಹೇಳಬೇಕು. ಅದು 31 ಅಥವಾ ಅದಕ್ಕಿಂತ ಹೆಚ್ಚಿದ್ದು, ಹದಿಮೂರನೆಯ ಗುಂಪಿನಲ್ಲಿ ಅಥವಾ ಅದರ ಬಲಕ್ಕೆ ಇದ್ದರೆ ಮಾತ್ರ ಜಾಲರಿಯ ಮಾತು ಎತ್ತಬಹುದು. ಈಗ ನಮ್ಮ ಮಹಡಿಯಲ್ಲಿ ಯಾರಾದರೂ ‘ಕಾಲಿಡಿ’ ಎಂದು ಶುರುಮಾಡಿದರೆ ಉಳಿದವರು "ನಂಬರ್ ಎಷ್ಟು?" ಎಂದು ಕೂಗುತ್ತಾರೆ.